ಅಸಹಕಾರ ಚಳವಳಿ: ಪಾಠದಿಂದ ಕಿರು ಉತ್ತರಕ್ಕೆ

ಸ್ವಾತಂತ್ರ್ಯ ಹೋರಾಟದ ಅಧ್ಯಾಯವನ್ನು ಮೊದಲ ಪುಟದಿಂದ ಸಾಲುಸಾಲಾಗಿ ಸಂಗ್ರಹಿಸುತ್ತ ಹೋದರೆ ಕೊನೆಗೆ ಕೈಗೆ ಬರುವುದು ಇನ್ನೊಂದು ಪುಟ್ಟ ಅಧ್ಯಾಯವೇ ಹೊರತು ಉತ್ತರವಲ್ಲ. ಕಿರು ಉತ್ತರದ ಪ್ರಶ್ನೆಗಳು ಹೆಚ್ಚಾಗಿ ಒಂದು ಚಳವಳಿಯ ಕಾರಣ, ಕಾರ್ಯಕ್ರಮ, ಅಂತ್ಯ ಮತ್ತು ಪರಿಣಾಮಗಳನ್ನು ಕೇಳುವುದರಿಂದ ಪಾಠವನ್ನೂ ಆ ನಾಲ್ಕು ಗುಂಪುಗಳಾಗಿಯೇ ಒಡೆದುಕೊಳ್ಳಬೇಕು. 1920ರಲ್ಲಿ ಆರಂಭವಾದ ಅಸಹಕಾರ ಚಳವಳಿಯ ಭಾಗವನ್ನು ಉದಾಹರಣೆಗೆ ತೆಗೆದುಕೊಳ್ಳೋಣ.

ಮೊದಲ ಓದಿನಲ್ಲಿ ಪ್ರತಿಯೊಂದು ಸಂಗತಿಯೂ ಯಾವ ಗುಂಪಿಗೆ ಸೇರುತ್ತದೆ ಎಂಬುದನ್ನಷ್ಟೇ ಪೆನ್ಸಿಲ್‌ನಿಂದ ಗುರುತಿಸಿ. ರೌಲತ್ ಕಾಯ್ದೆ, 1919ರ ಏಪ್ರಿಲ್ 13ರ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡ ಮತ್ತು ಖಿಲಾಫತ್ ಪ್ರಶ್ನೆ ಕಾರಣಗಳಾಗುತ್ತವೆ. ಬಿರುದುಗಳನ್ನು ಹಿಂದಿರುಗಿಸುವುದು, ಸರ್ಕಾರಿ ಶಾಲೆ, ನ್ಯಾಯಾಲಯ ಹಾಗೂ ಶಾಸನ ಸಭೆಗಳನ್ನು ಬಹಿಷ್ಕರಿಸುವುದು ಕಾರ್ಯಕ್ರಮ. ಹತ್ಯಾಕಾಂಡದ ವಿವರಣೆ ಪುಸ್ತಕದಲ್ಲಿ ಎಷ್ಟೇ ಉದ್ದವಾಗಿದ್ದರೂ ಈ ಚಳವಳಿಯ ಕಾರಣವನ್ನು ಕೇಳಿದಾಗ ಅದಕ್ಕೆ ಒಂದು ವಾಕ್ಯ ಸಾಕು.

ಈಗ ಪ್ರಶ್ನೆಯ ಕಡೆಗೆ ಬರೋಣ. ‘ಗಾಂಧೀಜಿಯವರು ಅಸಹಕಾರ ಚಳವಳಿಯನ್ನು ಏಕೆ ಹಿಂತೆಗೆದುಕೊಂಡರು?’ ಎಂಬುದು ಮೂರು ಅಂಕದ ಪ್ರಶ್ನೆ ಎಂದಿಟ್ಟುಕೊಳ್ಳಿ. ಇಲ್ಲಿ ‘ಏಕೆ’ ಎಂದಿರುವುದರಿಂದ ಚಳವಳಿ ಹೇಗೆ ಹುಟ್ಟಿತೆಂಬ ಪೀಠಿಕೆ ಬೇಕಿಲ್ಲ. ಹೆಚ್ಚಿನ ವಿದ್ಯಾರ್ಥಿಗಳು ಜಾಗ ಕಳೆದುಕೊಳ್ಳುವುದು ಅಲ್ಲಿಯೇ. ಘಟನೆ, ಅದು ಚಳವಳಿಯ ತತ್ವಕ್ಕೆ ಹೇಗೆ ವಿರುದ್ಧವಾಗಿತ್ತು ಎಂಬುದು, ಕೈಗೊಂಡ ತೀರ್ಮಾನ, ಈ ಮೂರನ್ನು ಕ್ರಮವಾಗಿ ಬರೆದರೆ ಉತ್ತರ ಹೀಗಾಗುತ್ತದೆ:

‘1922ರ ಫೆಬ್ರವರಿಯಲ್ಲಿ ಸಂಯುಕ್ತ ಪ್ರಾಂತ್ಯದ ಚೌರಿ ಚೌರಾದಲ್ಲಿ, ಪೊಲೀಸರು ಗುಂಡು ಹಾರಿಸಿದ್ದರಿಂದ ಕೆರಳಿದ ಗುಂಪು ಠಾಣೆಗೆ ಬೆಂಕಿ ಹಚ್ಚಿತು, ಪೊಲೀಸರು ಸಾವನ್ನಪ್ಪಿದರು. ಅಹಿಂಸೆಯೇ ಚಳವಳಿಯ ತಳಹದಿಯಾಗಿದ್ದು, ಜನರು ಅದಕ್ಕೆ ಇನ್ನೂ ಸಿದ್ಧರಾಗಿಲ್ಲವೆಂದು ಗಾಂಧೀಜಿಯವರು ಭಾವಿಸಿದರು. ಆದ್ದರಿಂದ ಅವರ ಸಲಹೆಯಂತೆ ಕಾಂಗ್ರೆಸ್ ಕಾರ್ಯಕಾರಿ ಸಮಿತಿಯು ಬಾರ್ಡೋಲಿಯಲ್ಲಿ ಚಳವಳಿಯನ್ನು ನಿಲ್ಲಿಸಲು ನಿರ್ಣಯಿಸಿತು.’

ಸತ್ತ ಪೊಲೀಸರ ಸಂಖ್ಯೆಯನ್ನು ಬೇಕೆಂದೇ ಬಿಡಲಾಗಿದೆ. ಅದು ಕೆಲವು ಪುಸ್ತಕಗಳಲ್ಲಿ 22, ಕೆಲವೆಡೆ 23 ಎಂದಿರುತ್ತದೆ. ಅದನ್ನು ನೆನಪಿಡುವ ಶ್ರಮವನ್ನು ಊರು, ವರ್ಷ ಮತ್ತು ಕಾರಣಕ್ಕೆ ವ್ಯಯಿಸುವುದು ಲೇಸು. ಇದೇ ಉತ್ತರವನ್ನು ಎರಡು ಅಂಕಕ್ಕೆ ಇಳಿಸಬೇಕಾದರೆ ಬಾರ್ಡೋಲಿಯ ವಾಕ್ಯವನ್ನು ಕೈಬಿಡಬಹುದು. ಅಹಿಂಸೆಯ ವಾಕ್ಯವನ್ನು ಮಾತ್ರ ಬಿಡುವಂತಿಲ್ಲ, ಏಕೆಂದರೆ ಪ್ರಶ್ನೆ ಕೇಳಿರುವುದು ಅದನ್ನೇ.

ಬರೆದ ಉತ್ತರವನ್ನು ಪರೀಕ್ಷಿಸಲು ಚಳವಳಿಯ ಹೆಸರನ್ನು ಮುಚ್ಚಿ ಓದಿ. ‘ವಿದೇಶಿ ವಸ್ತ್ರಗಳನ್ನು ಬಹಿಷ್ಕರಿಸಿದರು’ ಎಂಬ ವಾಕ್ಯ 1905ರ ಸ್ವದೇಶಿ ಚಳವಳಿಗೂ 1930ರ ಕಾನೂನುಭಂಗ ಚಳವಳಿಗೂ ಹೊಂದುತ್ತದೆ. ಅದೊಂದರಿಂದಲೇ ಉತ್ತರ ನಿಲ್ಲುವುದಿಲ್ಲ. ಅಸಹಕಾರದಲ್ಲಿ ಒತ್ತು ಇದ್ದದ್ದು ಸರ್ಕಾರದೊಂದಿಗೆ ಸಹಕರಿಸದಿರುವುದರ ಮೇಲೆ, ಕಾನೂನುಭಂಗದಲ್ಲಿ ಉಪ್ಪಿನ ಕಾನೂನಿನಂಥ ಕಾನೂನುಗಳನ್ನು ಬಹಿರಂಗವಾಗಿ ಮುರಿಯುವುದರ ಮೇಲೆ. ಎರಡೂ ಉತ್ತರಗಳ ಮೊದಲ ವಾಕ್ಯದಲ್ಲಿಯೇ ಈ ವ್ಯತ್ಯಾಸ ಕಾಣಿಸಬೇಕು.