ಮಗುವಿನ ಹಲ್ಲು ಬೇರು ಸಮೇತ ಕಿತ್ತು ಬಂದರೆ: ಮೊದಲ ಅರ್ಧ ಗಂಟೆ ಏನು ಮಾಡಬೇಕು

ಕಿತ್ತು ಬಂದ ಹಲ್ಲನ್ನು ಕಾಗದದಲ್ಲಿ ಸುತ್ತಿ ತರಬೇಡಿ. ಶಿರಸಿಯ ನನ್ನ ಕ್ಲಿನಿಕ್ಕಿಗೆ ಬರುವ ಇಂಥ ಹಲ್ಲುಗಳಲ್ಲಿ ಜಾಸ್ತಿ ಬರುವುದು ಹಾಗೇ. ಪೇಪರ್ ಚೂರಿನಲ್ಲಿ, ಕರ್ಚೀಫಿನಲ್ಲಿ, ಹತ್ತಿಯಲ್ಲಿ, ಒಮ್ಮೊಮ್ಮೆ ಶರ್ಟಿನ ಜೇಬಿನಲ್ಲಿ. ತಂದವರು ಜೋಪಾನವಾಗಿಯೇ ತಂದಿರುತ್ತಾರೆ. ಆದರೆ ಹಲ್ಲು ಒಣಗಿರುತ್ತದೆ. ಒಣಗಿದರೆ ಅರ್ಧ ಆಟ ಮುಗಿದಂತೆ.

ಯಾಕೆ ಅಂದರೆ, ಹಲ್ಲಿನ ಬೇರಿನ ಮೇಲೆ ಒಂದು ತೆಳ್ಳನೆಯ ಪೊರೆ ಇರುತ್ತದೆ. ಬೇರನ್ನು ದವಡೆಯ ಎಲುಬಿಗೆ ಹಿಡಿದಿಡುವುದು ಅದೇ. ಹಲ್ಲು ಕಿತ್ತು ಬಂದಾಗ ಆ ಪೊರೆ ಹರಿದು ಅರ್ಧ ಗುಳಿಯಲ್ಲಿ, ಅರ್ಧ ಬೇರಿನ ಮೇಲೆ ಉಳಿಯುತ್ತದೆ. ಬೇರಿನ ಮೇಲಿನ ಜೀವಕೋಶಗಳು ಬದುಕಿದ್ದರೆ, ಹಲ್ಲನ್ನು ವಾಪಸ್ ಕೂರಿಸಿದಾಗ ಎರಡೂ ಮತ್ತೆ ಸೇರಿಕೊಳ್ಳುತ್ತವೆ. ಗಾಳಿಗೆ ಬಿಟ್ಟರೆ ಕೆಲವೇ ನಿಮಿಷಕ್ಕೆ ಅವು ಸಾಯಲು ಶುರುವಾಗುತ್ತವೆ, ಒಂದು ಗಂಟೆ ಒಣಗಿದರೆ ಏನೂ ಉಳಿಯುವುದಿಲ್ಲ. ಕೆಳಗೆ ಹೇಳುವ ಎಲ್ಲವೂ ಆ ಪೊರೆಯನ್ನು ಬದುಕಿಸಿಕೊಳ್ಳುವುದಕ್ಕೇ.

ಮೊದಲು ಮಗುವನ್ನು ನೋಡಿ

ತಲೆಗೆ ಪೆಟ್ಟು ಬಿದ್ದಿದೆಯಾ, ಪ್ರಜ್ಞೆ ತಪ್ಪಿತ್ತಾ, ವಾಂತಿ ಮಾಡಿತಾ, ಮಂಪರಿನಲ್ಲಿದೆಯಾ? ಇದರಲ್ಲಿ ಒಂದಿದ್ದರೂ ಮೊದಲು ಆಸ್ಪತ್ರೆ. ಹಲ್ಲು ಹಾಲಿನಲ್ಲಿ ಜೊತೆಗೆ ಬರಲಿ, ಅಷ್ಟೇ. ಹಲ್ಲು ಎಲ್ಲೂ ಸಿಗದಿದ್ದರೆ, ಮಗು ಕೆಮ್ಮುತ್ತಿದ್ದರೆ, ಉಸಿರಿನಲ್ಲಿ ಸುಯ್ ಅನ್ನುವ ಸದ್ದಿದ್ದರೆ, ಅದು ಶ್ವಾಸನಾಳಕ್ಕೆ ಹೋಗಿರಬಹುದು. ಆಗಲೂ ಸೀದಾ ಆಸ್ಪತ್ರೆಗೇ. ಇನ್ನೊಂದು ಸಾಧ್ಯತೆಯೂ ಇದೆ: ಹಲ್ಲು ಬಿದ್ದೇ ಇಲ್ಲ, ಒಸಡಿನೊಳಗೆ ಹೂತುಹೋಗಿದೆ. ಅದನ್ನು ಎಕ್ಸ್‌ರೇ ತೆಗೆದೇ ನೋಡಬೇಕು.

ಹಾಲುಹಲ್ಲಾ, ಶಾಶ್ವತ ಹಲ್ಲಾ?

ಹಾಲುಹಲ್ಲನ್ನು ವಾಪಸ್ ಕೂರಿಸಬಾರದು. ಅದರ ಹಿಂದೆಯೇ ಬೆಳೆಯುತ್ತಿರುವ ಶಾಶ್ವತ ಹಲ್ಲಿನ ಮೊಳಕೆಗೆ ಪೆಟ್ಟಾಗಬಹುದು. ಗುರುತಿಸುವುದು ಕಷ್ಟ ಅಲ್ಲ. ಮುಂದಿನ ಶಾಶ್ವತ ಹಲ್ಲುಗಳಲ್ಲಿ ಕೆಳಗಿನವು ಸುಮಾರು ಆರೇಳು ವರ್ಷಕ್ಕೆ, ಮೇಲಿನವು ಏಳೆಂಟು ವರ್ಷಕ್ಕೆ ಬರುತ್ತವೆ. ಅವು ಹಾಲುಹಲ್ಲಿಗಿಂತ ಅಗಲ, ಬಣ್ಣ ಸ್ವಲ್ಪ ಹಳದಿ. ಹೊಸದಾಗಿ ಬಂದದ್ದಾದರೆ ಅಂಚು ಗರಗಸದ ಹಾಗೆ ಸಣ್ಣ ಸಣ್ಣ ಏರಿಳಿತವಾಗಿರುತ್ತದೆ. ನಮ್ಮ ಕಡೆ ಬಿದ್ದ ಹಾಲುಹಲ್ಲನ್ನು ಸಗಣಿ ಉಂಡೆಯೊಳಗಿಟ್ಟು ಮಾಡಿನ ಮೇಲೆ ಎಸೆಯುವ ಅಭ್ಯಾಸ ಇದೆಯಲ್ಲ, ಅದೇ ರೂಢಿಯಲ್ಲಿ ಎಂಟೊಂಬತ್ತು ವರ್ಷದ ಮಗುವಿನ ಮುಂದಿನ ಹಲ್ಲನ್ನೂ ಎಸೆದು ಬಂದವರನ್ನು ಕಂಡಿದ್ದೇನೆ. ಅನುಮಾನ ಇದ್ದರೆ ಎಸೆಯಬೇಡಿ, ಕೂರಿಸಲೂ ಬೇಡಿ. ಹಾಲಿಗೆ ಹಾಕಿ ತನ್ನಿ, ಆಮೇಲೆ ನೋಡೋಣ.

ಹಲ್ಲನ್ನು ಹಿಡಿಯುವುದು, ತೊಳೆಯುವುದು

ಜನ ಕೆಡಿಸುವುದು ಇಲ್ಲೇ. ಬಾಯಲ್ಲಿ ಕಾಣುವ ಬಿಳಿ ಭಾಗವನ್ನು ಮಾತ್ರ ಹಿಡಿಯಿರಿ. ಬೇರನ್ನು ಮುಟ್ಟಲೇಬೇಡಿ. ಮಣ್ಣಾಗಿದೆ ಅಂತ ಸೆರಗಿನಲ್ಲಿ ಒರೆಸುವುದು, ಬ್ರಷ್ ಹಾಕುವುದು, ಉಗುರಿನಿಂದ ಕೆರೆಯುವುದು ಯಾವುದೂ ಬೇಡ. ಬೇರಿಗೆ ಗುಲಾಬಿ ಬಣ್ಣದ ಲೋಳೆ ಅಂಟಿಕೊಂಡಿರುತ್ತದೆ, ಅದನ್ನು ಕೊಳೆ ಅಂದುಕೊಂಡು ತೆಗೆಯುತ್ತಾರೆ. ನಾವು ಉಳಿಸಬೇಕಾದ ಪೊರೆ ಅದೇ.

ಮಣ್ಣು ಇದ್ದರೆ ಬಿಳಿ ಭಾಗ ಹಿಡಿದುಕೊಂಡು ಮೇಲಿಂದ ತಣ್ಣನೆಯ ಹಾಲು ಸುರಿಯಿರಿ. ಹಾಲು ಕೈಗೆ ಸಿಗದಿದ್ದರೆ ಸಲೈನ್ ಆಗುತ್ತದೆ. ಅದೂ ಇಲ್ಲದಿದ್ದರೆ ನಲ್ಲಿಯ ತಣ್ಣೀರಿನ ಸಣ್ಣ ಧಾರೆಯಲ್ಲಿ ಹತ್ತು ಸೆಕೆಂಡ್ ಹಿಡಿದು ತೆಗೆಯಿರಿ, ಅದಕ್ಕಿಂತ ಜಾಸ್ತಿ ಬೇಡ. ಒಂದೆರಡು ಮಣ್ಣಿನ ಕಣ ಉಳಿದರೆ ಉಳಿಯಲಿ, ನಾವು ಕ್ಲಿನಿಕ್ಕಿನಲ್ಲಿ ತೆಗೆಯುತ್ತೇವೆ. ಸೋಪು, ನಂಜುನಾಶಕ ದ್ರಾವಣ, ಸ್ಪಿರಿಟ್, ಮೌತ್‌ವಾಶ್, ಅರಿಶಿನ, ಉಪ್ಪು ಇವೆಲ್ಲ ಆ ಕೋಶಗಳನ್ನು ಕೊಲ್ಲುತ್ತವೆ. ತಕ್ಷಣ ಅಂಟುವ ಗೋಂದು ಹಚ್ಚಿ ಪಕ್ಕದ ಹಲ್ಲಿಗೆ ಅಂಟಿಸಿಕೊಂಡು ಬಂದವರೂ ಇದ್ದಾರೆ. ದಯವಿಟ್ಟು ಬೇಡ, ಆ ಗೋಂದು ಬೇರಿಗೆ ಇಳಿದರೆ ನಮಗೂ ಏನೂ ಮಾಡಲು ಬರುವುದಿಲ್ಲ.

ಅಲ್ಲೇ ವಾಪಸ್ ಕೂರಿಸುವುದು

ಹಲ್ಲಿಗೆ ಅದರ ಗುಳಿಗಿಂತ ಒಳ್ಳೆಯ ಜಾಗ ಇಲ್ಲ. ಮಗು ಎಚ್ಚರವಾಗಿದ್ದು ಬಾಯಿ ತೆಗೆಯುತ್ತದೆ ಅಂದರೆ ನನ್ನ ಸಲಹೆ ಒಂದೇ: ಅಲ್ಲೇ, ಆಗಲೇ ಕೂರಿಸಿ. ಐದು ನಿಮಿಷದೊಳಗೆ ಆದರೆ ತುಂಬಾ ಒಳ್ಳೆಯದು, ಹದಿನೈದು ನಿಮಿಷದೊಳಗೂ ಒಳ್ಳೆಯ ಆಸೆ ಇರುತ್ತದೆ. ಡಾಕ್ಟರೇ ಕೂರಿಸಲಿ ಅಂತ ಒಂದು ಗಂಟೆ ಬಸ್ಸಿನಲ್ಲಿ ಬರುವುದಕ್ಕಿಂತ, ಹೆದರಿಕೆಯಲ್ಲೇ ಆದರೂ ಅಪ್ಪ ಅಮ್ಮ ಮನೆಯಲ್ಲಿ ಕೂರಿಸಿದ ಹಲ್ಲು ಎಷ್ಟೋ ಮೇಲು.

ಮಗುವಿಗೆ ಒಂದು ಗುಟುಕು ನೀರು ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿ, ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಸ್ವಲ್ಪ ಹೋಗಲಿ. ಹಲ್ಲಿನ ಮುಖ ಗೊತ್ತುಮಾಡಿಕೊಳ್ಳಿ. ತುಟಿಯ ಕಡೆ ಬರುವ ಮುಖ ನಯವಾಗಿ ಸ್ವಲ್ಪ ಉಬ್ಬಿರುತ್ತದೆ. ನಾಲಿಗೆಯ ಕಡೆಯದ್ದು ಚಮಚದ ಒಳಮೈಯಂತೆ ತಗ್ಗಾಗಿದ್ದು, ಒಸಡಿನ ಹತ್ತಿರ ಗಂಟಿನ ಹಾಗೆ ಒಂದು ಸಣ್ಣ ಉಬ್ಬು ಇರುತ್ತದೆ. ಪಕ್ಕದ ಹಲ್ಲು ನೋಡಿದರೆ ಗೊತ್ತಾಗಿಬಿಡುತ್ತದೆ. ಬೇರಿನ ತುದಿಯನ್ನು ಗುಳಿಯ ಬಾಯಿಗೆ ಇಟ್ಟು, ಬಿಳಿ ಅಂಚಿನ ಮೇಲೆ ಬೆರಳಿಟ್ಟು ನಿಧಾನವಾಗಿ, ಬಿಡದೆ ಒತ್ತಿ. ಜಾರಿಕೊಂಡು ಹೋಗುತ್ತದೆ. ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ಹೊರಗೆ ತೆಗೆದು ಸ್ವಲ್ಪ ತಿರುಗಿಸಿ ಇನ್ನೊಮ್ಮೆ ನೋಡಿ. ಅಂಚು ಪಕ್ಕದ ಹಲ್ಲಿನ ಸಮಕ್ಕೆ ಬಂದರೆ ಕೂತಿದೆ ಅಂತ ಅರ್ಥ. ಒಂದು ಸ್ವಚ್ಛ ಕರ್ಚೀಫು ಮಡಿಸಿ ಕಚ್ಚಲು ಕೊಟ್ಟು ಹೊರಡಿ. ಸ್ವಲ್ಪ ಓರೆಯಾಗಿ ಕೂತಿದ್ದರೂ ತಲೆಕೆಡಿಸಿಕೊಳ್ಳಬೇಡಿ, ನಾವು ಸರಿಮಾಡುತ್ತೇವೆ.

ಮಗುವಿಗೆ ಹೃದಯದ ದೊಡ್ಡ ತೊಂದರೆ ಇದ್ದರೆ, ಅಥವಾ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ನಡೆಯುತ್ತಿದ್ದರೆ ನೀವಾಗಿ ಕೂರಿಸಬೇಡಿ. ಹಾಲಿನಲ್ಲಿ ಹಾಕಿ ಬನ್ನಿ.

ಕೂರಿಸಲು ಆಗದಿದ್ದರೆ ಹಾಲು

ಯಾವ ಹಾಲು ಅಂತ ಎಲ್ಲರೂ ಕೇಳುತ್ತಾರೆ. ತಣ್ಣಗಿರುವ ಸಾದಾ ಹಾಲು. ನಂದಿನಿ ಪ್ಯಾಕೆಟ್ಟಿನದ್ದಾದರೂ ಸರಿ, ಮನೆಯ ದನದ್ದಾದರೂ ಸರಿ, ಕಾಯಿಸಿ ಪೂರ್ತಿ ಆರಿಸಿದ್ದಾದರೂ ಸರಿ. ಬಿಸಿ ಹಾಲು ಬೇಡ, ಸಕ್ಕರೆ ಹಾಕಿದ್ದು ಬೇಡ, ಬಾದಾಮಿ ಹಾಲು ಬೇಡ. ಮೊಸರು, ಮಜ್ಜಿಗೆ ಹುಳಿ, ಹಾಗಾಗಿ ಅವೂ ಬೇಡ. ಮುಚ್ಚಳ ಗಟ್ಟಿ ಇರುವ ಸಣ್ಣ ಡಬ್ಬಿಯಲ್ಲಿ ಹಲ್ಲು ಪೂರ್ತಿ ಮುಳುಗುವಷ್ಟು ಹಾಲು ಸಾಕು. ಡಬ್ಬಿಯ ಹೊರಗೆ ಐಸ್ ಇಟ್ಟರೆ ಒಳ್ಳೆಯದೇ, ಆದರೆ ಹಲ್ಲನ್ನೇ ಐಸಿನ ಮೇಲೆ ಇಡಬೇಡಿ, ಫ್ರೀಜರಿಗೂ ಹಾಕಬೇಡಿ.

ನೀರಿನಲ್ಲಿ ಯಾಕೆ ಇಡಬಾರದು? ಬರೀ ನೀರಿನಲ್ಲಿ ಆ ಕೋಶಗಳು ನೀರು ಹೀರಿಕೊಂಡು ಉಬ್ಬಿ ಒಡೆಯುತ್ತವೆ. ಹಾಲಿನಲ್ಲಿ ಉಪ್ಪು, ಸಕ್ಕರೆ ಅಂಶ ಹೆಚ್ಚುಕಡಿಮೆ ದೇಹಕ್ಕೆ ಹೊಂದುವಷ್ಟೇ ಇರುವುದರಿಂದ ಕೆಲವು ಗಂಟೆ ಬದುಕಿರುತ್ತವೆ. ಹಾಲೇ ಇಲ್ಲ ಅಂದರೆ ಮಗುವಿನ ಎಂಜಲನ್ನೇ ಒಂದು ಲೋಟಕ್ಕೆ ಉಗುಳಿಸಿ ಅದರಲ್ಲಿಡಿ, ಅಥವಾ ಸಲೈನಿನಲ್ಲಿಡಿ. ಊಟ ಕಟ್ಟುವ ಪ್ಲಾಸ್ಟಿಕ್ ಫಿಲ್ಮ್ ಇದ್ದರೆ ಎಂಜಲಿನಲ್ಲಿ ತೋಯಿಸಿ ಅದರಲ್ಲಿ ಬಿಗಿಯಾಗಿ ಸುತ್ತಬಹುದು. ಕೆನ್ನೆಯೊಳಗೆ ಇಟ್ಟುಕೋ ಅಂತ ಸಣ್ಣ ಮಕ್ಕಳಿಗೆ ನಾನಂತೂ ಹೇಳುವುದಿಲ್ಲ, ಅಳುವಾಗ ನುಂಗಿಬಿಡುತ್ತಾರೆ. ಏನೂ ಇಲ್ಲದಾಗ ನೀರೂ ಒಣ ಕಾಗದಕ್ಕಿಂತ ಮೇಲು.

ಕರಾವಳಿಯವರು ಎಳನೀರು ಆಗುತ್ತದಾ ಅಂತ ಕೇಳುತ್ತಾರೆ. ಅದರ ಮೇಲಿನ ಪ್ರಯೋಗಗಳಲ್ಲಿ ಕೆಲವು ಒಳ್ಳೆಯದು ಅನ್ನುತ್ತವೆ, ಕೆಲವು ಹುಳಿ ಜಾಸ್ತಿ, ಬೇಡ ಅನ್ನುತ್ತವೆ. ಹಾಲು ಸಿಗುವಲ್ಲಿ ಎಳನೀರು ಕೊಚ್ಚುತ್ತಾ ಕೂರಬೇಡಿ.

ಎರಡು ಮಕ್ಕಳು, ಎರಡು ಹಲ್ಲು

ಸಿದ್ದಾಪುರದ ಕಡೆಯ ಹತ್ತು ವರ್ಷದ ಹುಡುಗ ಮಳೆಗಾಲದಲ್ಲಿ ಪಾಚಿಗಟ್ಟಿದ ಚಿರೆಕಲ್ಲಿನ ಮೆಟ್ಟಿಲಲ್ಲಿ ಜಾರಿ ಬಿದ್ದ. ಮೇಲಿನ ಮುಂದಿನ ಹಲ್ಲು ಅಂಗಳದ ಕೆಸರಿನಲ್ಲಿ ಸಿಕ್ಕಿತು. ಅವನ ಆಯಿ ಫೋನ್ ಮಾಡಿದಾಗ ಹಲ್ಲು ಸೆರಗಿನಲ್ಲಿತ್ತು. "ಒರೆಸಬೇಡಿ, ಹಾಲು ಸುರಿಯಿರಿ" ಅಂದೆ. ಕೂರಿಸಲು ಹೇಳಿದರೆ ಧೈರ್ಯ ಬರಲಿಲ್ಲ, ಹುಡುಗನೂ ಬಾಯಿ ಬಿಡಲಿಲ್ಲ. ಸರಿ, ಕಾಫಿಪುಡಿಯ ಖಾಲಿ ಸ್ಟೀಲ್ ಡಬ್ಬಿಯಲ್ಲಿ ಹಾಲು ಹಾಕಿ ಹೊರಟರು. ಒಣಗಿದ್ದು ಹತ್ತು ನಿಮಿಷ, ಹಾಲಿನಲ್ಲಿದ್ದದ್ದು ಮುಕ್ಕಾಲು ಗಂಟೆ. "ತಮಾ, ಬಾಯಿ ತೆಗಿ" ಅಂತ ರಮಿಸಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಹಲ್ಲು ಕೂರಿಸಿ, ತೆಳ್ಳನೆಯ ತಂತಿಯಿಂದ ಪಕ್ಕದ ಹಲ್ಲುಗಳಿಗೆ ಕಟ್ಟಿದೆ. ಈ ತಂತಿ ಸ್ವಲ್ಪ ಬಳುಕಬೇಕು, ಎರಡು ವಾರಕ್ಕೆ ತೆಗೆಯಬೇಕು. ಬಿಗಿಯಾಗಿ ತಿಂಗಳುಗಟ್ಟಲೆ ಕಟ್ಟಿಟ್ಟರೆ ಬೇರು ಎಲುಬಿಗೆ ಅಂಟಿಕೊಳ್ಳುವ ಅಪಾಯ ಜಾಸ್ತಿ. ಅವನ ಬೇರಿನ ತುದಿ ಮುಚ್ಚಿದ್ದರಿಂದ ಎರಡು ವಾರದೊಳಗೆ ರೂಟ್ ಕೆನಾಲ್ ಶುರುಮಾಡಿದೆ. ತುದಿ ಇನ್ನೂ ತೆರೆದಿರುವ ಏಳೆಂಟು ವರ್ಷದ ಮಗುವಾದರೆ ಕಾಯುತ್ತೇವೆ, ಒಳಗಿನ ನರಕ್ಕೆ ರಕ್ತ ಮತ್ತೆ ಹರಿಯುವ ಅವಕಾಶ ಇರುತ್ತದೆ.

ಇನ್ನೊಬ್ಬಳು ಕಾರವಾರದ ಹುಡುಗಿ, ಅವಳಿಗೂ ಹೆಚ್ಚುಕಡಿಮೆ ಅದೇ ವಯಸ್ಸು. ಶಾಲೆಯಲ್ಲಿ ಬಿದ್ದದ್ದು. ಹಲ್ಲನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಸುತ್ತಿ ಕಂಪಾಸ್ ಬಾಕ್ಸಿನಲ್ಲಿಟ್ಟು, ಸಂಜೆ ಮನೆಯವರು ಬಂದಾಗ ಕೊಟ್ಟರಂತೆ. ಅಲ್ಲಿಯ ಡಾಕ್ಟರು ಆದರೂ ಕೂರಿಸಿದರು. ಅದು ಸರಿಯೇ, ಒಂದು ಗಂಟೆ ದಾಟಿದರೂ ಹಲ್ಲನ್ನು ಬಿಸಾಡಬಾರದು. ಕೆಲವು ವರ್ಷ ಜಾಗ ಮತ್ತು ಎಲುಬು ಉಳಿಯುತ್ತದೆ. ಆದರೆ ಪೊರೆ ಸತ್ತಿದ್ದರಿಂದ ಬೇರು ಎಲುಬಿಗೆ ಅಂಟಿತು. ಮನೆಯವರು ಶಿರಸಿಗೆ ಬಂದ ಮೇಲೆ ನನ್ನ ಹತ್ತಿರ ತೋರಿಸುತ್ತಿದ್ದಾರೆ. ಅವಳು ಬೆಳೆಯುತ್ತಿದ್ದಾಳೆ, ಪಕ್ಕದ ಹಲ್ಲುಗಳು ಕೆಳಗಿಳಿಯುತ್ತಿವೆ, ಇದೊಂದು ಅಲ್ಲೇ ನಿಂತಿದೆ. ಒಳಗೆ ಬೇರನ್ನು ಎಲುಬು ನಿಧಾನವಾಗಿ ತಿನ್ನುತ್ತಿದೆ.

ಮನೆಗೆ ಹೋದ ಮೇಲೆ

ಎರಡು ವಾರ ಮೆತ್ತಗಿನ ಊಟ: ಗಂಜಿ, ತೆಳ್ಳೇವು, ಚೆನ್ನಾಗಿ ಬೆಂದ ಅನ್ನ. ಮೆತ್ತನೆಯ ಬ್ರಷ್‌ನಿಂದ ಪ್ರತಿ ಊಟದ ನಂತರ ಹಲ್ಲುಜ್ಜಬೇಕು, ದಿನಕ್ಕೆ ಎರಡು ಸಲ ಕ್ಲೋರ್‌ಹೆಕ್ಸಿಡಿನ್ ಮುಕ್ಕಳಿಸಬೇಕು. ಹಲ್ಲುಪುಡಿ ಬೇಡ, ತರಿ ತರಿಯಾಗಿ ಗಾಯಕ್ಕೆ ಉಜ್ಜುತ್ತದೆ. ಆ್ಯಂಟಿಬಯಾಟಿಕ್ ಬರೆದುಕೊಟ್ಟರೆ ಪೂರ್ತಿ ಮುಗಿಸಿ. ಅಂಗಳದ ಮಣ್ಣು, ಕೊಟ್ಟಿಗೆಯ ಸಗಣಿ ತಾಗಿದ ಹಲ್ಲಾದರೆ ಧನುರ್ವಾಯು ಇಂಜೆಕ್ಷನ್ ಯಾವಾಗ ಆಗಿತ್ತು ಅಂತ ಮಗುವಿನ ಲಸಿಕೆ ಕಾರ್ಡು ತಂದು ಅದೇ ದಿನ ತೋರಿಸಿ.

ನೋವಿಲ್ಲ ಅಂತ ತಪಾಸಣೆ ಬಿಡುವವರೇ ಜಾಸ್ತಿ. ಎರಡು ವಾರ, ನಾಲ್ಕು ವಾರ, ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ, ಆಮೇಲೆ ಕನಿಷ್ಠ ಐದು ವರ್ಷದವರೆಗೆ ವರ್ಷಕ್ಕೊಮ್ಮೆ ಬರಬೇಕು. ಬೇರು ಕರಗುವುದು ನೋವಿಲ್ಲದೆಯೇ ನಡೆಯುತ್ತದೆ, ಎಕ್ಸ್‌ರೇಯಲ್ಲಿ ಮಾತ್ರ ಕಾಣುತ್ತದೆ. ಮಧ್ಯದಲ್ಲಿ ಒಸಡಿನ ಮೇಲೆ ಕೀವಿನ ಗುಳ್ಳೆ ಎದ್ದರೆ, ಹಲ್ಲು ಬೂದು ಬಣ್ಣಕ್ಕೆ ತಿರುಗಿದರೆ, ಮತ್ತೆ ಅಲ್ಲಾಡಲು ಶುರುವಾದರೆ, ಪಕ್ಕದ ಹಲ್ಲಿಗಿಂತ ಗಿಡ್ಡ ಕಂಡರೆ ಮುಂದಿನ ತಾರೀಖಿಗೆ ಕಾಯದೆ ಆ ವಾರವೇ ಕರೆದುಕೊಂಡು ಬನ್ನಿ.