ಸಿಂಕ್ ಡೇಟಾ ಎಷ್ಟು ಹಳೇದಿರಬಹುದು ಅಂತ ಮಾತು ಕೊಡೋದು ಹೇಗೆ?

ಮೂಲ ಡೇಟಾಬೇಸ್‌ನಿಂದ ಬಿಸಿನೆಸ್‌ನವರು ನೋಡೋ ಜಾಗಕ್ಕೆ ಡೇಟಾ ತರೋ ಸಿಂಕ್ ಬಗ್ಗೆ "ಈ ತಿಂಗಳು ಜಾಬ್ 100% ಸಕ್ಸೆಸ್" ಅಂತ ರಿಪೋರ್ಟ್ ಹೋಗಿರುತ್ತೆ, ಆ ಕಡೆ ಸೇಲ್ಸ್‌ನವರು ನಿನ್ನೆಯ ಆರ್ಡರ್‌ಗಳನ್ನೇ ಇವತ್ತಿನದು ಅನ್ಕೊಂಡು ನೋಡ್ತಾ ಕೂತಿರ್ತಾರೆ. ಇದನ್ನ ಎಷ್ಟೋ ಸಲ ನೋಡಿದೀನಿ. ಜಾಬ್ ಓಡಿದ್ದಕ್ಕೂ ಡೇಟಾ ಬಂದಿದ್ದಕ್ಕೂ ಸಂಬಂಧ ಇರಲೇಬೇಕು ಅಂತೇನಿಲ್ಲ, ಸೊನ್ನೆ ಸಾಲು ತಂದ ಜಾಬ್ ಕೂಡ ಹಸಿರು ಬಣ್ಣದಲ್ಲೇ ಕಾಣುತ್ತೆ.

1. ಡೇಟಾ ನೋಡೋರನ್ನ ಕೇಳಿ. "ಎಷ್ಟು ಬೇಗ ಬೇಕು" ಅಂತ ಕೇಳಬೇಡಿ, ಎಲ್ಲರೂ "ತಕ್ಷಣ" ಅಂತಾರೆ. ಯಾವ ಹೊತ್ತಲ್ಲಿ ನೋಡ್ತೀರ, ಎಷ್ಟು ಹಳೇದಾದ್ರೆ ನಿಮ್ಮ ಕೆಲಸ ಕೆಡುತ್ತೆ ಅಂತ ಕೇಳಿ.

2. ನಿಮಿಷ ಗೊತ್ತು ಮಾಡಿ. ಸಿಂಕ್ 15 ನಿಮಿಷಕ್ಕೊಮ್ಮೆ ಓಡುತ್ತೆ, ಮುಗಿಯೋಕೆ 6 ನಿಮಿಷ ಅನ್ಕೊಳ್ಳಿ. ಹಾಗಂತ 15 ನಿಮಿಷ ಅಂತ ಮಾತು ಕೊಟ್ರೆ ಕೆಟ್ರಿ. ಓಟ ಶುರುವಾದ ಮರುಕ್ಷಣ ಬಂದ ಆರ್ಡರ್ ಮುಂದಿನ ಓಟಕ್ಕೆ 15 ನಿಮಿಷ ಕಾದು, ಆಮೇಲೆ 6 ನಿಮಿಷ ತಗೊಂಡು, 21ನೇ ನಿಮಿಷಕ್ಕೆ ಕಾಣುತ್ತೆ. ಒಂದು ಓಟ ತಪ್ಪಿದ್ರೆ 36. ಒಂದು ಓಟ ತಪ್ಪಿದ್ರೂ ಮಾತು ಉಳೀಬೇಕಲ್ಲ, ಅದಕ್ಕೆ ನಾನು 45 ಅಂತಾನೇ ಬರೀತೀನಿ.

3. ಅಳೀರಿ. ಜನ ಎಡವೋದೇ ಇಲ್ಲಿ. ಆರ್ಡರ್ ಟೇಬಲ್‌ನಲ್ಲಿ ಕೊನೆಯ ಸಾಲಿನ ಟೈಮ್ ನೋಡಿ ಅಳೆದ್ರೆ, ಊಟದ ಹೊತ್ತಲ್ಲಿ ಆರ್ಡರ್ರೇ ಬರದಿದ್ದಾಗ ಸಿಂಕ್ ನಿಂತಿದೆ ಅಂತ ಸುಳ್ಳು ಅಲಾರಂ ಹೊಡೆಯುತ್ತೆ. ಅದಕ್ಕೆ ಮೂಲ ಡೇಟಾಬೇಸ್‌ನಲ್ಲೇ ಒಂದು ಪುಟ್ಟ ಟೇಬಲ್ ಮಾಡಿ, ನಿಮಿಷಕ್ಕೊಂದು ಸಲ ಅದರಲ್ಲಿ ಟೈಮ್ ಬರೆಸಿ, ಆ ಟೇಬಲ್ಲನ್ನೂ ಇದೇ ಸಿಂಕ್‌ನಲ್ಲೇ ಕಳಿಸಿ. ಈ ಕಡೆ, ಬಿಸಿನೆಸ್‌ನವರು ನೋಡೋ ಜಾಗದಲ್ಲಿ, ಹೀಗೆ ಕೇಳಿ:

```sql
SELECT now() - max(beat_at) FROM sync_heartbeat;
```

45 ನಿಮಿಷ ದಾಟಿದ್ರೆ ಆ ಚೆಕ್ ಫೇಲ್. ಆದ್ರೆ ಇಷ್ಟಕ್ಕೇ ಬಿಡಬೇಡಿ, ಪುಟ್ಟ ಟೇಬಲ್ ಸರಿಯಾಗಿ ಬರ್ತಾ ಇದ್ದು ಆರ್ಡರ್ ಟೇಬಲ್ ಮಾತ್ರ ಸಿಕ್ಕಾಕೊಂಡಿರಬಹುದು. ದಿನಕ್ಕೊಂದು ಸಲ ನಿನ್ನೆಯ ಆರ್ಡರ್ ಸಂಖ್ಯೆ ಎರಡೂ ಕಡೆ ಎಣಿಸಿ ತಾಳೆ ನೋಡಿ. ಈ ಕಡೆ ಜಾಸ್ತಿ ಇದ್ರೆ ಮೊದಲು ಡಿಲೀಟ್‌ಗಳ ಮೇಲೆ ಅನುಮಾನ ಪಡಿ. updated_at ನೋಡಿ ಬದಲಾದ ಸಾಲು ಎತ್ತೋ ಸಿಂಕ್‌ಗೆ, ಮೂಲದಲ್ಲಿ ಅಳಿಸಿದ ಸಾಲು ಕಾಣೋದೇ ಇಲ್ಲ.

4. ಹೇಳಿ. 9ರಿಂದ 6ರವರೆಗೆ 15 ನಿಮಿಷಕ್ಕೊಂದು ಚೆಕ್, 22 ಕೆಲಸದ ದಿನ ಅಂದ್ರೆ 792 ಚೆಕ್. ಗುರಿ 99% ಆದ್ರೆ 7 ಫೇಲ್ ಆಗಬಹುದು. ಒಂದು ಸೋಮವಾರ ಬೆಳಿಗ್ಗೆ 8 ಚೆಕ್ ಫೇಲ್ ಆದ್ರೆ 98.99%. ಅದನ್ನ 99 ಅಂತ ರೌಂಡ್ ಮಾಡಬೇಡಿ, ಗುರಿ ತಪ್ಪಿದೆ. ರಾತ್ರಿಯ ಗಂಟೆಗಳನ್ನ ಸೇರಿಸಿ ಪರ್ಸೆಂಟ್ ಏರಿಸೋ ಶಾರ್ಟ್‌ಕಟ್ಟೂ ಬೇಡ, ರಾತ್ರಿ ಯಾರೂ ನೋಡ್ತಿರಲ್ಲ. ರಿಪೋರ್ಟ್‌ನಲ್ಲಿ ಪರ್ಸೆಂಟ್ ಕೊನೆಗೆ ಹಾಕಿ, ಮೊದಲ ಸಾಲು ಹೀಗಿರಲಿ: "ಸೋಮವಾರ 9ರಿಂದ 11ರವರೆಗೆ ನೀವು ನೋಡಿದ್ದು ಹಳೇ ಆರ್ಡರ್‌ಗಳು, ಆ ಹೊತ್ತಲ್ಲಿ ಡೌನ್‌ಲೋಡ್ ಮಾಡಿದ ಶೀಟ್ ಇದ್ರೆ ಮತ್ತೆ ತಗೊಳ್ಳಿ."