ಅಡುಗೆಮನೆ–ಹಾಲ್ ನಡುವೆ ಏನು ಹಾಕೋದು? ನಮ್ಮ ಮಳೆಗೆ ತಕ್ಕ ಉತ್ತರ

ಮಡಿಕೇರಿ, ಭಾಗಮಂಡಲ ಕಡೆ ಓಪನ್ ಕಿಚನ್ ಮಾಡಿಸಿದವರಿಗೆ ಜೂನ್ ಬಂದಾಗ ಕಷ್ಟ ಶುರು. ಕಿಟಕಿ ತೆಗೆಯೋ ಹಾಗಿಲ್ಲ, ಪಂದಿ ಕರಿಯ ಘಮ ಸೋಫಾ ಬಟ್ಟೆಗೂ ಹತ್ತುತ್ತೆ.

ಬಿದಿರು, ಬೆತ್ತದ ಸ್ಕ್ರೀನ್ ನೋಟಕ್ಕಷ್ಟೇ ಮರೆ, ವಾಸನೆ ತಡೆಯಲ್ಲ. ಎಣ್ಣೆ ಜಿಡ್ಡು ಕೂತ ಮೇಲೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತೆ. ಸೂರಿನವರೆಗೆ ಪ್ಲೈವುಡ್ ಪಾರ್ಟಿಷನ್ ಹಾಕಿದರೆ ಮೊದಲೇ ಮೋಡದ ಬೆಳಕು, ಹಾಲ್ ಇನ್ನೂ ಕತ್ತಲು. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಅಂತೂ ಬೇಡವೇ ಬೇಡ, ತೇವಕ್ಕೆ ಅಂಚು ಉಬ್ಬುತ್ತೆ.

ನನ್ನ ಮತ ಅರ್ಧ ಗೋಡೆ, ಮೇಲೆ ಗಾಜು. ಎಂಟು ಅಡಿ ಅಗಲದ ಜಾಗ ಅಂತಿಟ್ಟುಕೊಳ್ಳಿ. ಐದು ಅಡಿಗೆ ಮೂರಡಿ ಎತ್ತರದ ಗೋಡೆ ಕಟ್ಟಿ ಅದರ ಮೇಲೆ ಫ್ರೇಮ್ ಹಾಕಿದ ಗಾಜು, ಉಳಿದ ಮೂರಡಿಗೆ ಗಾಜಿನ ಸ್ಲೈಡಿಂಗ್ ಬಾಗಿಲು. ಟ್ರ್ಯಾಕ್ ಮೇಲಿರಲಿ, ನೆಲದಲ್ಲಿದ್ದರೆ ಅಕ್ಕಿಹಿಟ್ಟು, ಕಸ ಸೇರಿ ಬಾಗಿಲು ಸಿಕ್ಕಿಹಾಕಿಕೊಳ್ಳುತ್ತೆ.

ಗಾಜು ಟಫನ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ್ದೇ ಆಗಿರಬೇಕು, ಮೂಲೆಯಲ್ಲಿ ಅದರ ಗುರುತಿನ ಅಚ್ಚು ಇದೆಯಾ ನೋಡಿ. ಟಫನ್ ಆದ ಮೇಲೆ ಕತ್ತರಿಸೋಕೆ, ತೂತು ಕೊರೆಯೋಕೆ ಆಗಲ್ಲ, ಕೊರೆದರೆ ಪುಡಿಪುಡಿ. ಆದ್ದರಿಂದ ಟೈಲ್ಸ್, ಗ್ರಾನೈಟ್ ಮುಗಿದ ಮೇಲೇ ಅಳತೆ ಕೊಡಿ.

ಇನ್ನೊಂದು ಮಾತು, ಕಾಂಟ್ರಾಕ್ಟರ್‌ಗಳು ಹೇಳಲ್ಲ. ಬಾಗಿಲು ಮುಚ್ಚಿದಾಗ ಎಕ್ಸಾಸ್ಟ್ ಫ್ಯಾನ್‌ಗೆ ಒಳಬರೋ ಗಾಳಿ ಬೇಕು, ಇಲ್ಲದಿದ್ದರೆ ಅದು ಸುಮ್ಮನೆ ತಿರುಗುತ್ತೆ. ಬಾಗಿಲಡಿ ಸ್ವಲ್ಪ ಸಂದು ಬಿಡಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತೆ. ಹಾಗಾಗಿ ಹೊರಗೋಡೆಯಲ್ಲಿ ನೆಲಮಟ್ಟಕ್ಕೆ ಜಾಲರಿ ಹಾಕಿದ ಕಿಂಡಿಯೂ ಇರಲಿ.